ಮೂವತ್ನಾಲ್ಕು ಕುರ್ಚಿಯ ಲೆಕ್ಕ: 2018ರ ಮೈತ್ರಿ ಸರ್ಕಾರ ಕೂಡಿದ್ದು ಹೇಗೆ

ಮೈತ್ರಿ ಸರ್ಕಾರ ಅಂದಾಗ ನಮಗೆಲ್ಲ ನೆನಪಾಗುವುದು ವೇದಿಕೆಯ ಮೇಲೆ ಕೈಕೈ ಹಿಡಿದು ಮೇಲೆತ್ತಿದ ಫೋಟೊ. ಆ ಫೋಟೊ ತೆಗೆಯುವ ಹೊತ್ತಿಗೆ ಕೆಲಸ ಅರ್ಧ ಮಾತ್ರ ಆಗಿರುತ್ತದೆ. ಉಳಿದ ಅರ್ಧ, ಅಂದರೆ ಯಾರಿಗೆ ಎಷ್ಟು ಸಚಿವ ಸ್ಥಾನ, ಯಾವ ಖಾತೆ, ಯಾರ ಪ್ರಣಾಳಿಕೆಯ ಯಾವ ಭರವಸೆಗೆ ದುಡ್ಡು ಅನ್ನುವುದೆಲ್ಲ, ಬಾಗಿಲು ಹಾಕಿದ ಕೋಣೆಯಲ್ಲಿ ನಡೆಯುತ್ತದೆ. ಸರ್ಕಾರ ಎಷ್ಟು ದಿನ ಬಾಳುತ್ತದೆ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. 2018ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಮಾಡಿದ ಸರ್ಕಾರ ಈ ಕ್ರಮವನ್ನು ಹಂತಹಂತವಾಗಿ ನೋಡಲು ಒಳ್ಳೆಯ ಉದಾಹರಣೆ. ಅಲ್ಲಿ ಪ್ರತಿ ಹಂತವೂ ಸಾರ್ವಜನಿಕವಾಗಿ, ತಾರೀಖಿನ ಸಮೇತ ದಾಖಲಾಗಿದೆ.

ಮೇ 15ರಂದು 222 ಕ್ಷೇತ್ರಗಳ ಎಣಿಕೆ ಮುಗಿಯಿತು. ಜಯನಗರ ಮತ್ತು ರಾಜರಾಜೇಶ್ವರಿ ನಗರದ ಮತದಾನ ಮುಂದೆ ಹೋಗಿತ್ತು. ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37, ಅದರ ಜೊತೆಗಿದ್ದ ಬಿಎಸ್‌ಪಿಗೆ 1, ಕೆಪಿಜೆಪಿ ಎಂಬ ಸಣ್ಣ ಪಕ್ಷಕ್ಕೆ 1, ಪಕ್ಷೇತರ 1. ಇಲ್ಲೇ ಒಂದು ಸಣ್ಣ ಲೆಕ್ಕವನ್ನು ಎಷ್ಟೋ ಜನ ತಪ್ಪು ಮಾಡುತ್ತಾರೆ. ಎಚ್.ಡಿ. ಕುಮಾರಸ್ವಾಮಿ ರಾಮನಗರ, ಚನ್ನಪಟ್ಟಣ ಎರಡರಲ್ಲೂ ಗೆದ್ದಿದ್ದರು. ಕ್ಷೇತ್ರ ಎರಡಾದರೂ ಸದನದಲ್ಲಿ ಓಟು ಒಂದೇ. ಹಾಗಾಗಿ ಸದನದ ಬಲ 221, ಬಹುಮತಕ್ಕೆ ಬೇಕಾದ್ದು 111. ಬಿಜೆಪಿಗೆ ಏಳು ಕಡಿಮೆ. ಇತ್ತ ಕಾಂಗ್ರೆಸ್ಸಿನ 78, ಜೆಡಿಎಸ್‌ನ 36 ಮಂದಿ, ಬಿಎಸ್‌ಪಿಯ ಒಬ್ಬರು ಸೇರಿ 115. ಉಳಿದಿಬ್ಬರೂ ಬಂದರೆ 117. ಮಾತುಕತೆಗೆ ಕೂರುವ ಮೊದಲು ಕ್ಷೇತ್ರಗಳನ್ನಲ್ಲ, ತಲೆಗಳನ್ನು ಎಣಿಸಬೇಕು.

ಮೊದಲು ಬೇಕಾದದ್ದು ಕಾಗದ. ರಾಜ್ಯಪಾಲರ ಕೈಗೆ ಕೊಡುವ ಪತ್ರಕ್ಕೆ ಮೂರು ತುಂಡು ಇರಬೇಕು: ಶಾಸಕಾಂಗ ಪಕ್ಷ ತನ್ನ ನಾಯಕನನ್ನು ಆರಿಸಿದ ನಿರ್ಣಯ, ಇನ್ನೊಂದು ಪಕ್ಷ ಆ ನಾಯಕನಿಗೆ ಬೆಂಬಲ ಕೊಡುತ್ತೇವೆಂದು ಬರೆದುಕೊಟ್ಟ ಪತ್ರ, ಮತ್ತು ಶಾಸಕರ ಹೆಸರು, ಕ್ಷೇತ್ರ, ಸಹಿ ಇರುವ ಪಟ್ಟಿ. ಮೂರನೆಯದು ಇಲ್ಲದಿದ್ದರೆ ಮೊದಲೆರಡಕ್ಕೆ ತೂಕ ಇಲ್ಲ. ಕಾಂಗ್ರೆಸ್ ಇದನ್ನು ಒಂದು ವರ್ಷದ ಹಿಂದೆ ಗೋವಾದಲ್ಲಿ ದುಬಾರಿಯಾಗಿ ಕಲಿತಿತ್ತು. 2017ರ ಮಾರ್ಚಿನಲ್ಲಿ 40 ಸ್ಥಾನಗಳಲ್ಲಿ 17 ಗೆದ್ದು ಅತಿದೊಡ್ಡ ಪಕ್ಷವಾಗಿದ್ದರೂ ನಾಯಕ ಯಾರು ಎಂದು ತೀರ್ಮಾನಿಸುವಷ್ಟರಲ್ಲಿ 13 ಗೆದ್ದಿದ್ದ ಬಿಜೆಪಿ ಸಣ್ಣ ಪಕ್ಷಗಳ ಬೆಂಬಲ ಪತ್ರ ಹಿಡಿದು ರಾಜಭವನ ತಲುಪಿತ್ತು. ಸುಪ್ರೀಂ ಕೋರ್ಟಿಗೆ ಹೋದಾಗ, ನಿಮ್ಮ ಬೆಂಬಲಿಗರ ಪಟ್ಟಿ ಎಲ್ಲಿ ಎಂದು ನ್ಯಾಯಪೀಠ ಕೇಳಿತ್ತು. ಅದಕ್ಕೇ 2018ರ ಮೇ 15ರಂದು ಕೊನೆಯ ಸುತ್ತಿನ ಎಣಿಕೆ ಮುಗಿಯುವ ಮೊದಲೇ, ಮಧ್ಯಾಹ್ನವೇ, ಕುಮಾರಸ್ವಾಮಿ ಮುಖ್ಯಮಂತ್ರಿಯಾಗಲಿ ಎಂದು ಕಾಂಗ್ರೆಸ್ ಘೋಷಿಸಿಬಿಟ್ಟಿತು. ಗುಲಾಂ ನಬಿ ಆಜಾದ್, ಅಶೋಕ್ ಗೆಹ್ಲೋಟ್ ಇದಕ್ಕೆಂದೇ ಬೆಂಗಳೂರಿನಲ್ಲಿ ಕೂತಿದ್ದರು.

ಈ ವೇಗಕ್ಕೆ ಒಂದು ಬೆಲೆ ಇತ್ತು. ಚೌಕಾಸಿಯಲ್ಲಿ ಅತಿ ದೊಡ್ಡ ವಸ್ತು ಮುಖ್ಯಮಂತ್ರಿ ಕುರ್ಚಿ. 78 ಇದ್ದ ಪಕ್ಷ 37 ಇದ್ದ ಪಕ್ಷಕ್ಕೆ ಅದನ್ನು ಮೊದಲ ಗಂಟೆಯಲ್ಲೇ, ಷರತ್ತಿಲ್ಲದೆ, ಕ್ಯಾಮೆರಾ ಮುಂದೆ ಕೊಟ್ಟುಬಿಟ್ಟಿತು. ಬೇರೆ ದಾರಿ ಇರಲಿಲ್ಲ ಅನ್ನುವುದೂ ನಿಜ. ಜೆಡಿಎಸ್‌ಗೆ ಬಿಜೆಪಿಯ ಬಾಗಿಲೂ ತೆರೆದಿತ್ತು, 2006ರಲ್ಲಿ ಅದೇ ಬಾಗಿಲಿನಿಂದ ಹೋಗಿ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದರು. ಆದರೆ ದೊಡ್ಡದನ್ನು ಮೊದಲು ಕೊಟ್ಟವರು ಉಳಿದದ್ದನ್ನೆಲ್ಲ ಪರಿಹಾರದ ರೂಪದಲ್ಲಿ ಕೇಳುತ್ತಾರೆ. ಮುಂದಿನ ಮೂರು ವಾರದ ಮಾತುಕತೆಯ ಸ್ವರ ಅಲ್ಲಿಗೇ ನಿಗದಿಯಾಯಿತು.

ನಡುವಿನ ನಾಲ್ಕು ದಿನದ ಕಥೆ ಎಲ್ಲರಿಗೂ ಗೊತ್ತಿರುವುದೇ. ರಾಜ್ಯಪಾಲ ವಜುಭಾಯಿ ವಾಲಾ ಅತಿದೊಡ್ಡ ಪಕ್ಷದ ಬಿ.ಎಸ್. ಯಡಿಯೂರಪ್ಪನವರನ್ನು ಕರೆದು ಬಹುಮತ ತೋರಿಸಲು 15 ದಿನ ಕೊಟ್ಟರು. ಸುಪ್ರೀಂ ಕೋರ್ಟು ಮಧ್ಯರಾತ್ರಿ ದಾಟಿದ ಮೇಲೆ ಕೂತು ವಿಚಾರಣೆ ನಡೆಸಿತು, ಪ್ರಮಾಣವಚನ ತಡೆಯಲಿಲ್ಲ, ಆದರೆ 15 ದಿನವನ್ನು ಕತ್ತರಿಸಿ ಮೇ 19ರ ಸಂಜೆ 4ಕ್ಕೆ ವಿಶ್ವಾಸಮತ ಎಂದಿತು. ಶಾಸಕರು ಬಿಡದಿಯ ಈಗಲ್‌ಟನ್ ರೆಸಾರ್ಟಿನಿಂದ ಬಸ್ಸು ಹತ್ತಿ ಹೈದರಾಬಾದಿಗೆ ಹೋಗಿ ವಾಪಸ್ ಬಂದರು. ಯಡಿಯೂರಪ್ಪ ಮತಕ್ಕೆ ಹಾಕದೆ ರಾಜೀನಾಮೆ ಕೊಟ್ಟರು. ರೆಸಾರ್ಟ್ ನೋಡಿ ನಗುವವರು ಒಂದು ಮಾತು ಗಮನಿಸಬೇಕು: ವಿಶ್ವಾಸಮತಕ್ಕೆ ಸಿಗುವ ಸಮಯ ಎಷ್ಟು ಉದ್ದವೋ ಶಾಸಕರನ್ನು ಸೆಳೆಯಲು ಸಿಗುವ ಸಮಯವೂ ಅಷ್ಟೇ ಉದ್ದ. ಹದಿನೈದು ದಿನ ಎರಡಾದದ್ದೇ ಆ ವಾರದ ನಿರ್ಣಾಯಕ ಘಟನೆ.

ಮೇ 23ರಂದು ಕುಮಾರಸ್ವಾಮಿ ಮುಖ್ಯಮಂತ್ರಿ, ಜಿ. ಪರಮೇಶ್ವರ್ ಉಪಮುಖ್ಯಮಂತ್ರಿ ಎಂದು ಪ್ರಮಾಣ ಸ್ವೀಕರಿಸಿದರು. 25ರಂದು ರಮೇಶ್ ಕುಮಾರ್ ಅವಿರೋಧವಾಗಿ ಸ್ಪೀಕರ್ ಆದರು. ಅದೇ ದಿನ ಬಿಜೆಪಿ ಸಭಾತ್ಯಾಗ ಮಾಡಿ, ವಿಶ್ವಾಸಮತ ಗೆದ್ದದ್ದೂ ಆಯಿತು. ಸ್ಪೀಕರ್ ಸ್ಥಾನವನ್ನು ಜನ ಗೌರವದ ಹುದ್ದೆ ಅಂದುಕೊಳ್ಳುತ್ತಾರೆ. ಮೈತ್ರಿ ಲೆಕ್ಕದಲ್ಲಿ ಅದು ದೊಡ್ಡ ಖಾತೆಗೆ ಸಮ. ರಾಜೀನಾಮೆ ಪತ್ರ ಅಂಗೀಕರಿಸುವುದು, ಪಕ್ಷಾಂತರ ಮಾಡಿದವರನ್ನು ಅನರ್ಹಗೊಳಿಸುವುದು ಎರಡೂ ಅವರ ಮೇಜಿಗೇ ಬರುವುದು. ಸ್ಥಾನ ಕಾಂಗ್ರೆಸ್ಸಿಗೆ, ಉಪಸಭಾಧ್ಯಕ್ಷ ಸ್ಥಾನ ಜೆಡಿಎಸ್‌ಗೆ ಎಂದು ಹಂಚಿಕೆಯಾಗಿತ್ತು.

ಇಲ್ಲಿಂದ ಮುಂದೆ ಎರಡು ವಾರ, ಜೂನ್ 6ರ ತನಕ, ರಾಜ್ಯದ ಮಂತ್ರಿಮಂಡಲ ಅಂದರೆ ಇಬ್ಬರೇ. ಅಸಲಿ ಚೌಕಾಸಿ ನಡೆದದ್ದು ಈ ಅವಧಿಯಲ್ಲಿ.

ಮೊದಲ ಪ್ರಶ್ನೆ: ಒಟ್ಟು ಎಷ್ಟು ಕುರ್ಚಿ? 2003ರ 91ನೇ ತಿದ್ದುಪಡಿಗೆ ಮೊದಲು ಇದಕ್ಕೆ ಉತ್ತರವೇ ಇರಲಿಲ್ಲ. ಎಷ್ಟು ಜನ ಮುನಿಸಿಕೊಂಡರೆ ಅಷ್ಟು ಮಂತ್ರಿಗಳು. ಈಗ ಸಂವಿಧಾನದ 164ನೇ ವಿಧಿಯಲ್ಲೇ ಮಿತಿ ಇದೆ, ವಿಧಾನಸಭೆಯ ಒಟ್ಟು ಸಂಖ್ಯೆಯ ಶೇಕಡಾ 15. ಕರ್ನಾಟಕದ 224ಕ್ಕೆ ಅದು 33.6 ಆಗುತ್ತದೆ, 34 ಎಂದು ಹಿಡಿಯುತ್ತಾರೆ. ಮುಖ್ಯಮಂತ್ರಿಯೂ ಇದರೊಳಗೇ.

ಎರಡನೆಯ ಪ್ರಶ್ನೆ: ಆ 34ನ್ನು ಹೇಗೆ ಕತ್ತರಿಸುವುದು? ಸ್ಥಾನಬಲದ ಪ್ರಕಾರ ಹೋದರೆ 78ಕ್ಕೂ 38ಕ್ಕೂ (ಬಿಎಸ್‌ಪಿ ಸೇರಿಸಿ) ಹಂಚಬೇಕು. ಕಾಂಗ್ರೆಸ್ಸಿಗೆ 22.9, ಜೆಡಿಎಸ್ ಕಡೆಗೆ 11.1 ಬರುತ್ತದೆ. ಜೂನ್ 1ರಂದು ಒಪ್ಪಂದವಾದ ಸಂಖ್ಯೆ 22 ಮತ್ತು 12. ಅಂದರೆ ಚಿಕ್ಕ ಪಾಲುದಾರನಿಗೆ ಲೆಕ್ಕಕ್ಕಿಂತ ಸುಮಾರು ಒಂದು ಹೆಚ್ಚು, ಅದರಲ್ಲಿ ಒಂದು ಮುಖ್ಯಮಂತ್ರಿ ಕುರ್ಚಿ. ಬೇರೆ ದೇಶಗಳ ಮೈತ್ರಿಗಳಲ್ಲೂ ಹೀಗೇ. ಪಾಲುದಾರರು ತಂದ ಸ್ಥಾನದ ಅನುಪಾತದಲ್ಲೇ ಮಂತ್ರಿಗಿರಿ ಹಂಚಿಕೆಯಾಗುತ್ತದೆ ಎಂದು ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ 1961ರಲ್ಲೇ ಹೇಳಿದ್ದ. ಚಿಕ್ಕವರಿಗೆ ಕೊಂಚ ಜಾಸ್ತಿ ಸಿಗುತ್ತದೆ ಎಂದು ಆಮೇಲಿನ ಅಧ್ಯಯನಗಳು ಸೇರಿಸಿದವು. ಆದ್ದರಿಂದ ಸಂಖ್ಯೆಯ ಮೇಲಿನ ಜಗಳ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಇಬ್ಬರ ಕೈಯಲ್ಲೂ ಒಂದೇ ಕ್ಯಾಲ್ಕುಲೇಟರ್ ಇರುತ್ತದಲ್ಲ.

ಮುಗಿಯದ ಜಗಳ ಖಾತೆಯದ್ದು, ಯಾಕೆಂದರೆ ಖಾತೆಗೆ ತೂಕದ ಕಲ್ಲಿಲ್ಲ. ಲೋಕೋಪಯೋಗಿಯೂ ಒಂದು ಖಾತೆ, ಯುವಜನ ಸೇವೆಯೂ ಒಂದು ಖಾತೆ. ಮಾತುಕತೆಗೆ ಕೂರುವವರು ಖಾತೆಯನ್ನು ಮೂರು ಬಗೆಯಲ್ಲಿ ತೂಗುತ್ತಾರೆ: ಕಾಮಗಾರಿಯ ದುಡ್ಡು ಎಷ್ಟು, ವರ್ಗಾವಣೆ ಮಾಡಬಹುದಾದ ನೌಕರರು ಎಷ್ಟು, ಮತ್ತು ತಾಲ್ಲೂಕಿನ ಮಟ್ಟದಲ್ಲಿ ಮತದಾರನ ಕಣ್ಣಿಗೆ ಬೀಳುತ್ತದೋ ಇಲ್ಲವೋ. ನೀರಾವರಿಗೆ ಮೊದಲನೆಯದು ಬಹಳ, ಶಿಕ್ಷಣಕ್ಕೆ ಎರಡನೆಯದು ಬಹಳ, ಗ್ರಾಮೀಣಾಭಿವೃದ್ಧಿಗೆ ಮೂರೂ ಇದೆ. ಆಮೇಲೆ ಜೋಡಿ ಮಾಡುತ್ತಾರೆ. ಲೋಕೋಪಯೋಗಿ ನಿಮಗೆ, ಜಲಸಂಪನ್ಮೂಲ ನಮಗೆ. ಸಹಕಾರ ನಿಮಗೆ, ಕಂದಾಯ ನಮಗೆ. ಹೀಗೆ ಹಗ್ಗ ಎಳೆದು ಎಳೆದು ಬಹುತೇಕ ಖಾತೆ ಇತ್ಯರ್ಥವಾಯಿತು.

ಜೋಡಿ ಸಿಗದ ಖಾತೆಗಳಿಗೆ ಇನ್ನೊಂದು ಉಪಾಯವಿದೆ, ಖಾತೆಯನ್ನೇ ಸೀಳುವುದು. ನೀರಾವರಿಯಲ್ಲಿ ಭಾರಿ ಮತ್ತು ಮಧ್ಯಮ ನೀರಾವರಿ ಕಾಂಗ್ರೆಸ್ಸಿಗೆ ಹೋಗಿ ಡಿ.ಕೆ. ಶಿವಕುಮಾರ್ ಕೈಸೇರಿತು, ಸಣ್ಣ ನೀರಾವರಿ ಜೆಡಿಎಸ್‌ಗೆ ಬಂದು ಸಿ.ಎಸ್. ಪುಟ್ಟರಾಜು ಅವರದಾಯಿತು. ಶಿಕ್ಷಣದಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಬಿಎಸ್‌ಪಿಯ ಎನ್. ಮಹೇಶ್ ಅವರಿಗೆ, ಉನ್ನತ ಶಿಕ್ಷಣ ಜಿ.ಟಿ. ದೇವೇಗೌಡರಿಗೆ. ಎಲ್ಲಕ್ಕಿಂತ ಸೂಕ್ಷ್ಮವಾದ ಸೀಳು ಗೃಹ ಖಾತೆಯದ್ದು. ಪೊಲೀಸ್ ಇಲಾಖೆ ಕಾಂಗ್ರೆಸ್ಸಿನ ಪರಮೇಶ್ವರ್ ಅವರಿಗೆ ಹೋಯಿತು, ಗುಪ್ತಚರ ಮಾತ್ರ ಮುಖ್ಯಮಂತ್ರಿಯ ಬಳಿ ಉಳಿಯಿತು. ಗೃಹ ಸಚಿವರಿಗೆ ಠಾಣೆಗಳಿವೆ, ಆದರೆ ಬೆಳಿಗ್ಗೆಯ ಗುಪ್ತ ವರದಿ ಮೊದಲು ಹೋಗುವುದು ಇನ್ನೊಂದು ಪಕ್ಷದವರ ಮನೆಗೆ. ಇಂಥ ಸೀಳು ಕಾಗದದಲ್ಲಿ ಸಮಾಧಾನ ತರುತ್ತದೆ, ಕಡತದಲ್ಲಿ ತೊಂದರೆ ತರುತ್ತದೆ. ಒಂದು ಕೆರೆಗೆ ನಾಲೆಯಿಂದ ನೀರು ತುಂಬಿಸುವ ಯೋಜನೆಗೆ ಎರಡು ಪಕ್ಷದ ಇಬ್ಬರು ಸಚಿವರ ಸಹಿ ಬೇಕಾದರೆ, ಉದ್ಘಾಟನೆಯ ಕಲ್ಲಿನಲ್ಲಿ ಯಾರ ಹೆಸರು ಮೇಲೆ ಅನ್ನುವ ಪ್ರಶ್ನೆಯಿಂದ ಹಿಡಿದು ಎಲ್ಲವೂ ವಿವಾದವಾಗುತ್ತದೆ.

ಕೊನೆಯ ತನಕ ಬಿಚ್ಚದ ಗಂಟು ಹಣಕಾಸು. ಮುಖ್ಯಮಂತ್ರಿ ಸ್ಥಾನ ಬಿಟ್ಟುಕೊಟ್ಟಿದ್ದೇವೆ, ಹಣಕಾಸಾದರೂ ನಮಗಿರಲಿ ಅನ್ನುವುದು ಕಾಂಗ್ರೆಸ್ಸಿನ ವಾದ. ಸಾಲಮನ್ನಾ ಮಾಡುತ್ತೇನೆಂದು ಮಾತು ಕೊಟ್ಟವನು ನಾನು, ಖಜಾನೆ ಬೇರೆಯವರ ಕೈಲಿದ್ದರೆ ಹೇಗೆ ಅನ್ನುವುದು ಕುಮಾರಸ್ವಾಮಿಯವರ ವಾದ. ಇದರ ಬೆಲೆ ಗೊತ್ತಾಗಬೇಕಾದರೆ ರಾಜ್ಯದ ಕಾರ್ಯಕಲಾಪ ನಿಯಮಗಳನ್ನು ನೋಡಬೇಕು. 1977ರ ಆ ನಿಯಮಗಳ ಪ್ರಕಾರ ಖಜಾನೆಯ ಮೇಲೆ ಹೊರೆ ಬೀಳುವ ಯಾವ ಪ್ರಸ್ತಾವವೂ ಹಣಕಾಸು ಇಲಾಖೆಯ ಸಮ್ಮತಿ ಇಲ್ಲದೆ ಮುಂದೆ ಹೋಗುವಂತಿಲ್ಲ. ಅಂದರೆ ಉಳಿದ ಯಾವ ಖಾತೆ ಯಾರ ಬಳಿ ಇದ್ದರೂ ಅವರ ಕಡತ ಒಮ್ಮೆ ಹಣಕಾಸಿನ ಬಾಗಿಲಿಗೆ ಬಂದೇ ಬರುತ್ತದೆ. ಅಲ್ಲಿ ಬೇಡ ಎನ್ನುವ ಅಗತ್ಯವೂ ಇಲ್ಲ. ಇನ್ನಷ್ಟು ವಿವರ ಬೇಕು ಎಂದು ಟಿಪ್ಪಣಿ ಬರೆದು ವಾಪಸ್ ಕಳಿಸಿದರೆ ಎರಡು ತಿಂಗಳು ಹೋಯಿತು. ಕೊನೆಗೆ ಹಣಕಾಸು ಜೆಡಿಎಸ್‌ಗೇ ಹೋಯಿತು. ನಮ್ಮ ಮಟ್ಟಿಗೆ ಜೂನ್ 1ರ ಒಪ್ಪಂದದಲ್ಲಿ ಅತಿ ಭಾರವಾದ ಸಾಲು ಅದೇ. 22 ಮತ್ತು 12 ಅನ್ನುವ ಸಂಖ್ಯೆ ಅದರ ಮುಂದೆ ಹಗುರ.

ಇಷ್ಟು ತಡ ಯಾಕಾಯಿತು ಎಂದರೆ ಮಾತುಕತೆ ಎರಡು ಮೆಟ್ಟಿಲಿನದು. ಬೆಂಗಳೂರಿನಲ್ಲಿ ಕೂತವರು ಒಪ್ಪಿದರೂ ಒಂದು ಪಕ್ಷದ ಹೈಕಮಾಂಡ್ ದೆಹಲಿಯಲ್ಲಿ, ಇನ್ನೊಂದರದ್ದು ಬೆಂಗಳೂರಿನದೇ ಪದ್ಮನಾಭನಗರದ ಎಚ್.ಡಿ. ದೇವೇಗೌಡರ ಮನೆಯಲ್ಲಿ. ಎರಡನೆಯದರಲ್ಲಿ ಉತ್ತರ ಅದೇ ಸಂಜೆ ಸಿಗುತ್ತದೆ. ಮೊದಲನೆಯದರಲ್ಲಿ ದಿನ ಹಿಡಿಯುತ್ತದೆ. ಆ ವಾರ ರಾಹುಲ್ ಗಾಂಧಿ ತಾಯಿಯ ಜೊತೆ ವಿದೇಶಕ್ಕೆ ಹೋಗಿದ್ದರು. ಬೇಗ ತೀರ್ಮಾನ ತೆಗೆದುಕೊಳ್ಳಬಲ್ಲ ಪಕ್ಷಕ್ಕೆ ಇಂಥಲ್ಲಿ ಸಹಜವಾಗಿ ಮೇಲುಗೈ.

ಜೂನ್ 1ರ ಒಪ್ಪಂದ ಲಿಖಿತವಾಗಿತ್ತು. ಕಾಂಗ್ರೆಸ್ ಪರವಾಗಿ ಕೆ.ಸಿ. ವೇಣುಗೋಪಾಲ್, ಜೆಡಿಎಸ್ ಪರವಾಗಿ ಡ್ಯಾನಿಶ್ ಅಲಿ ಸಹಿ ಮಾಡಿದರು. ಖಾತೆಗಳ ಪಟ್ಟಿಯ ಜೊತೆ ಇನ್ನೂ ನಾಲ್ಕು ವಿಷಯ ಅದರಲ್ಲಿತ್ತು: ಐದೂ ವರ್ಷ ಕುಮಾರಸ್ವಾಮಿಯವರೇ ಮುಖ್ಯಮಂತ್ರಿ, ನಿಗಮ ಮಂಡಳಿಗಳು ಮೂರರಲ್ಲಿ ಎರಡು ಪಾಲು ಕಾಂಗ್ರೆಸ್ಸಿಗೆ, 2019ರ ಲೋಕಸಭೆಗೂ ಮೈತ್ರಿ, ಮತ್ತು ಒಂದು ಸಮನ್ವಯ ಸಮಿತಿ. ಐದು ವರ್ಷ ಎಂದು ಬರೆಸಿದ್ದರ ಹಿಂದೆ 2007 ಇದೆ. ಆಗ ಜೆಡಿಎಸ್ ಮತ್ತು ಬಿಜೆಪಿ ತಲಾ 20 ತಿಂಗಳು ಎಂದು ಮಾತಾಡಿಕೊಂಡಿದ್ದವು. ಎರಡನೆಯ ಸರದಿ ಬಂದಾಗ ಮೊದಲನೆಯವರು ಇಳಿಯಲಿಲ್ಲ. ಆಮೇಲೆ ಒಪ್ಪಿ, ಯಡಿಯೂರಪ್ಪ ನವೆಂಬರ್ 12ರಂದು ಪ್ರಮಾಣ ಸ್ವೀಕರಿಸಿ, ಬೆಂಬಲ ಸಿಗದೆ 19ರಂದು ರಾಜೀನಾಮೆ ಕೊಟ್ಟರು. ಸರದಿಯ ಒಪ್ಪಂದದಲ್ಲಿ ಎರಡನೆಯವರಿಗೆ ಯಾವ ಭದ್ರತೆಯೂ ಇಲ್ಲ. ಬರೆದು ಸಹಿ ಹಾಕಿದರೂ ಕೋರ್ಟಿನಲ್ಲಿ ಜಾರಿ ಮಾಡಿಸಲಾಗದ ಕಾಗದ ಅದು.

ಬರೆಯದೆ ಬಿಟ್ಟದ್ದೂ ಇತ್ತು. ಜಿಲ್ಲಾ ಉಸ್ತುವಾರಿ ಯಾರಿಗೆ, ಒಬ್ಬರ ಪಕ್ಷದ ಶಾಸಕನಿರುವ ಕ್ಷೇತ್ರದಲ್ಲಿ ಇನ್ನೊಂದು ಪಕ್ಷದ ಸೋತ ಅಭ್ಯರ್ಥಿಯ ಮಾತಿಗೆ ಬೆಲೆ ಎಷ್ಟು, ತಹಶೀಲ್ದಾರ್ ವರ್ಗಾವಣೆಗೆ ಯಾರ ಶಿಫಾರಸು ಸಾಕು. ಹಳೇ ಮೈಸೂರು ಭಾಗದಲ್ಲಿ ಈ ಎರಡೇ ಪಕ್ಷಗಳು ಎದುರಾಳಿಗಳು. ಮಂಡ್ಯದ ಏಳಕ್ಕೆ ಏಳೂ ಜೆಡಿಎಸ್ ಗೆದ್ದಿತ್ತು, ಸೋತವರಲ್ಲಿ ಹೆಚ್ಚಿನವರು ಕಾಂಗ್ರೆಸ್ಸಿಗರು. ಬೆಂಗಳೂರಿನಲ್ಲಿ ಸಹಿ ಬಿದ್ದ ಕಾಗದ ಅವರ ಪಾಲಿಗೆ ಶತ್ರುವಿಗೆ ಐದು ವರ್ಷದ ಗುತ್ತಿಗೆ. 2019ರ ಲೋಕಸಭೆಯಲ್ಲಿ ಮಂಡ್ಯದಲ್ಲಿ ಜೆಡಿಎಸ್ ಅಭ್ಯರ್ಥಿ ಪಕ್ಷೇತರ ಸುಮಲತಾ ಎದುರು ಸೋತದ್ದೂ, ರಾಜ್ಯದ 28ರಲ್ಲಿ ಮೈತ್ರಿಗೆ ಎರಡೇ ಸಿಕ್ಕಿದ್ದೂ ಈ ಬರೆಯದ ಭಾಗದ ಫಲವೇ ಬಹುಮಟ್ಟಿಗೆ.

ಇನ್ನು ಸಾಮಾನ್ಯ ಕನಿಷ್ಠ ಕಾರ್ಯಕ್ರಮ. ಇದನ್ನು ತಯಾರಿಸುವ ವಿಧಾನ ಸರಳ. ಎರಡೂ ಪ್ರಣಾಳಿಕೆಗಳನ್ನು ಬಿಚ್ಚಿ ಪಕ್ಕಪಕ್ಕ ಇಟ್ಟು ಭರವಸೆಗಳನ್ನು ಮೂರು ಗುಂಪು ಮಾಡಬೇಕು. ಇಬ್ಬರೂ ಹೇಳಿದ್ದು ಒಂದು. ಒಬ್ಬರು ಹೇಳಿದ್ದು ಆದರೆ ಇನ್ನೊಬ್ಬರ ತಕರಾರಿಲ್ಲದ್ದು ಎರಡು. ಒಬ್ಬರು ಹೇಳಿ ಇನ್ನೊಬ್ಬರಿಗೆ ಇಷ್ಟವಿಲ್ಲದ್ದು, ಅಥವಾ ಇಬ್ಬರದ್ದನ್ನೂ ಮಾಡಲು ದುಡ್ಡು ಸಾಲದ್ದು ಮೂರು. ಮೊದಲೆರಡು ಗುಂಪಿನಿಂದ ಕರಡಿನ ಮುಕ್ಕಾಲು ಭಾಗ ಒಂದು ಮಧ್ಯಾಹ್ನದಲ್ಲಿ ತಯಾರಾಗುತ್ತದೆ. ಕಷ್ಟವೆಲ್ಲ ಮೂರನೆಯದರಲ್ಲಿ. ಅಲ್ಲಿ ಎಲ್ಲರೂ ಮಾಡುವುದು ಒಂದೇ, ಪರಿಶೀಲಿಸಲಾಗುವುದು, ಹಂತಹಂತವಾಗಿ, ಆದ್ಯತೆಯ ಮೇರೆಗೆ ಎಂದು ಬರೆದು ದಾಟಿಸುವುದು. ಕರಡನ್ನು ಕೈಗೆತ್ತಿಕೊಂಡಾಗ ಇಂಥ ಪದಗಳ ಕೆಳಗೆ ಗೆರೆ ಎಳೆಯುತ್ತ ಹೋಗಿ. ಎಲ್ಲಿ ಗೆರೆ ಬಿತ್ತೋ ಮುಂದೆ ಜಗಳ ಏಳುವುದು ಅಲ್ಲೇ.

ಗಟ್ಟಿ ಸಾಲು ಹೇಗಿರುತ್ತದೆ ಎಂಬುದಕ್ಕೆ 2004ರ ಯುಪಿಎ ಕಾರ್ಯಕ್ರಮ ಮಾದರಿ. ಮೇ 22ರಂದು ಮನಮೋಹನ್ ಸಿಂಗ್ ಸರ್ಕಾರ ಬಂತು, 27ರಂದು ರಾಷ್ಟ್ರೀಯ ಸಾಮಾನ್ಯ ಕನಿಷ್ಠ ಕಾರ್ಯಕ್ರಮ ಹೊರಬಿತ್ತು. ಅದರಲ್ಲಿ ಉದ್ಯೋಗ ಖಾತರಿಯ ಸಾಲು ವರ್ಷಕ್ಕೆ ಕನಿಷ್ಠ 100 ದಿನ, ಮನೆಗೆ ಒಬ್ಬರಿಗೆ, ಕಾನೂನಿನ ಮೂಲಕ ಎಂದು ಹೇಳಿತ್ತು. ಎಷ್ಟು, ಯಾರಿಗೆ, ಯಾವ ರೂಪದಲ್ಲಿ ಎಂಬ ಮೂರಕ್ಕೂ ಉತ್ತರ ಇತ್ತು. ಮರುವರ್ಷವೇ ಕಾಯ್ದೆಯಾಯಿತು. ಅದೇ ದಾಖಲೆಯಲ್ಲಿ ಸ್ವತಂತ್ರ ವಿದೇಶಾಂಗ ನೀತಿ ಎಂಬ ಮಾತೂ ಇತ್ತು. ಅದಕ್ಕೆ ಎಡಪಕ್ಷಗಳು ಒಂದು ಅರ್ಥ ಹಚ್ಚಿದವು, ಕಾಂಗ್ರೆಸ್ ಇನ್ನೊಂದು. 2008ರ ಜುಲೈನಲ್ಲಿ ಅಮೆರಿಕದ ಜೊತೆಗಿನ ಅಣು ಒಪ್ಪಂದದ ಮೇಲೆ ಎಡಪಕ್ಷಗಳು ಬೆಂಬಲ ವಾಪಸ್ ಪಡೆದವು.

ಕರ್ನಾಟಕದಲ್ಲಿ ಕೆಟ್ಟದ್ದು ಕರಡಿನ ಭಾಷೆ ಅಷ್ಟೇ ಅಲ್ಲ, ಕೆಲಸದ ಅನುಕ್ರಮವೇ. ವೀರಪ್ಪ ಮೊಯಿಲಿ ನೇತೃತ್ವದ ಕಾರ್ಯಕ್ರಮ ಸಮಿತಿ ಕೂತದ್ದು ಖಾತೆ ಹಂಚಿಕೆ ಆದ ಮೇಲೆ. ಅಷ್ಟರಲ್ಲಿ ಬಜೆಟ್ಟಿಗೆ ಜುಲೈ 5 ನಿಗದಿಯಾಗಿತ್ತು. ಫೆಬ್ರವರಿಯಲ್ಲಿ ಸಿದ್ದರಾಮಯ್ಯ ಒಂದು ಬಜೆಟ್ ಮಂಡಿಸಿದ್ದರು, ಅದೇ ಇರುವಾಗ ಹೊಸದು ಯಾಕೆ ಎಂದು ಅವರ ತಕರಾರು ಬೇರೆ. ಖಾತೆ ಮೊದಲು, ಕಾರ್ಯಕ್ರಮ ಆಮೇಲೆ ಎಂದಾದರೆ ಏನಾಗುತ್ತದೆ? ಚೌಕಾಸಿಗೆ ಕೊಡಲು ಯಾರ ಕೈಯಲ್ಲೂ ಏನೂ ಉಳಿದಿರುವುದಿಲ್ಲ. ಹಣಕಾಸು ನಿಮಗೆ ಬಿಡುತ್ತೇವೆ, ಬದಲಿಗೆ ನಮ್ಮ ಹಳೆಯ ಯೋಜನೆಗಳ ಅನುದಾನ ಮುಟ್ಟುವುದಿಲ್ಲ ಎಂದು ಬರೆದುಕೊಡಿ ಎಂದು ಕೇಳಬಹುದಾಗಿದ್ದ ದಿನ ಮೇ ಕೊನೆಯ ವಾರ. ಜುಲೈನಲ್ಲಿ ಅದನ್ನು ಕೇಳಿದರೆ ಅದು ಪತ್ರ ಬರೆಯುವುದಷ್ಟೇ.

ಆದದ್ದೂ ಹಾಗೆಯೇ. ಜೆಡಿಎಸ್ ಪ್ರಚಾರದಲ್ಲಿ ರೈತರ ಪೂರ್ತಿ ಸಾಲ ಮನ್ನಾ ಎಂದಿತ್ತು, 53 ಸಾವಿರ ಕೋಟಿಯ ಲೆಕ್ಕ ಓಡಾಡಿತ್ತು. ಬಜೆಟ್ಟಿನಲ್ಲಿ ಅದು 34 ಸಾವಿರ ಕೋಟಿಗೆ ಇಳಿದು, ಸುಸ್ತಿ ಬೆಳೆಸಾಲಕ್ಕೆ, ಕುಟುಂಬಕ್ಕೆ 2 ಲಕ್ಷ ರೂಪಾಯಿವರೆಗೆ ಎಂಬ ಷರತ್ತು ಬಂತು. ಸಾಲಮನ್ನಾದ ಹೊರೆ ಇಷ್ಟು ದೊಡ್ಡದಾದರೆ ದುಡ್ಡು ಎಲ್ಲಿಂದಲೋ ಬರಲೇಬೇಕು. ಪೆಟ್ರೋಲ್ ಮೇಲಿನ ತೆರಿಗೆ ಶೇಕಡಾ 30ರಿಂದ 32ಕ್ಕೆ, ಡೀಸೆಲ್ ಮೇಲಿನದು 19ರಿಂದ 21ಕ್ಕೆ ಏರಿತು. ಅನ್ನಭಾಗ್ಯದ ಅಕ್ಕಿ ತಲೆಗೆ 7 ಕಿಲೋದಿಂದ 5 ಕಿಲೋಗೆ ಇಳಿಯಿತು. ಅನ್ನಭಾಗ್ಯ ಕಾಂಗ್ರೆಸ್ಸಿನ ಗುರುತಿನ ಯೋಜನೆ. ಅಂದರೆ ಒಂದು ಪಕ್ಷದ ಭರವಸೆಗೆ ಇನ್ನೊಂದು ಪಕ್ಷದ ಯೋಜನೆಯಿಂದ ದುಡ್ಡು ತೆಗೆದಂತಾಯಿತು. ಸಮನ್ವಯ ಸಮಿತಿಯ ಅಧ್ಯಕ್ಷರಾಗಿದ್ದ ಸಿದ್ದರಾಮಯ್ಯನವರೇ ಮುಖ್ಯಮಂತ್ರಿಗೆ ಪತ್ರ ಬರೆದರು. ಒತ್ತಡದ ಮೇಲೆ ಅಕ್ಕಿ ಮತ್ತೆ 7 ಕಿಲೋಗೆ ಬಂತು. ಒಂದೇ ಸರ್ಕಾರದ ಇಬ್ಬರು ಹಿರಿಯರು ಅಂಚೆ ಮೂಲಕ ಮಾತಾಡುವ ಸ್ಥಿತಿ ಎರಡನೆಯ ತಿಂಗಳಲ್ಲೇ ಬಂದಿತ್ತು. ಕನಿಷ್ಠ ಕಾರ್ಯಕ್ರಮದಲ್ಲಿ ಒಂದೇ ಒಂದು ಸಾಲು, ಇಂತಿಷ್ಟು ಯೋಜನೆಗಳ ಪ್ರಮಾಣ ಕಡಿಮೆ ಮಾಡುವುದಿಲ್ಲ ಎಂದು ಹೆಸರು ಮತ್ತು ಅಳತೆ ಸಮೇತ ಇದ್ದಿದ್ದರೆ, ಈ ಜಗಳ ಬಜೆಟ್ ಮಂಡನೆಗೆ ಮೊದಲೇ ಕೋಣೆಯೊಳಗೆ ಮುಗಿಯುತ್ತಿತ್ತು.

ಮಹಾರಾಷ್ಟ್ರದಲ್ಲಿ 2019ರ ನವೆಂಬರಿನಲ್ಲಿ ಶಿವಸೇನೆ, ಎನ್‌ಸಿಪಿ, ಕಾಂಗ್ರೆಸ್ ಕ್ರಮ ಬದಲಿಸಿದವು. ನವೆಂಬರ್ 28ರಂದು ಪ್ರಮಾಣವಚನಕ್ಕೆ ಕೆಲವೇ ಗಂಟೆ ಮೊದಲು ಕಾರ್ಯಕ್ರಮ ಬಿಡುಗಡೆ ಮಾಡಿದವು, ಖಾತೆಗಳ ಪೂರ್ತಿ ಹಂಚಿಕೆ ಆದದ್ದು ಜನವರಿಯಲ್ಲಿ. ಅಲ್ಲಿ ಯೋಜನೆಗಳ ಮೇಲೆ ಬಹಿರಂಗ ಕಿತ್ತಾಟ ಕಡಿಮೆ ಇತ್ತು. ಸರ್ಕಾರ ಉಳಿಯಲಿಲ್ಲ ಅನ್ನುವುದು ಬೇರೆ ಮಾತು. 2022ರ ಜೂನ್‌ನಲ್ಲಿ ಅದನ್ನು ಬೀಳಿಸಿದ್ದು ಪಾಲುದಾರರಲ್ಲ, ಮುಖ್ಯಮಂತ್ರಿಯ ಸ್ವಂತ ಪಕ್ಷದ ಶಾಸಕರು. ಕಾರ್ಯಕ್ರಮದ ಕಾಗದ ಪಕ್ಷಪಕ್ಷದ ನಡುವಿನ ಜಗಳ ತಡೆದೀತು, ಪಕ್ಷದೊಳಗಿನದನ್ನಲ್ಲ.

ಸಮನ್ವಯ ಸಮಿತಿಯ ಮಿತಿಯೂ ಇದೇ. ಐವರ ಸಮಿತಿಯಲ್ಲಿ ಸಿದ್ದರಾಮಯ್ಯ ಅಧ್ಯಕ್ಷರು, ಡ್ಯಾನಿಶ್ ಅಲಿ ಸಂಚಾಲಕರು, ಕುಮಾರಸ್ವಾಮಿ, ಪರಮೇಶ್ವರ್, ವೇಣುಗೋಪಾಲ್ ಸದಸ್ಯರು. ಸಂವಿಧಾನದಲ್ಲಿ ಇಂಥ ಸಮಿತಿಗೆ ಜಾಗವಿಲ್ಲ. ಸಂಪುಟದ ತೀರ್ಮಾನಕ್ಕಿರುವ ಬಲ ಅದರ ತೀರ್ಮಾನಕ್ಕಿಲ್ಲ. ಅದು ಕೆಲಸ ಮಾಡಬೇಕಾದರೆ ಅತೃಪ್ತರ ದನಿ ಒಳಗಿರಬೇಕು. ಆ ವರ್ಷವೇ ಜೆಡಿಎಸ್ ರಾಜ್ಯಾಧ್ಯಕ್ಷರಾದ ಎಚ್. ವಿಶ್ವನಾಥ್ ಅವರಿಗೇ ಸಮಿತಿಯಲ್ಲಿ ಜಾಗ ಇರಲಿಲ್ಲ. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟು ಈ ಸರ್ಕಾರವನ್ನು ಬೀಳಿಸಿದ ಶಾಸಕರಲ್ಲಿ ಅವರೂ ಒಬ್ಬರು.

ಪಕ್ಷದೊಳಗಿನ ಲೆಕ್ಕ ಮೇಜಿನ ಮೇಲೆ ಎಂದೂ ಬರುವುದಿಲ್ಲ, ಆದರೆ ಅದೇ ಹೆಚ್ಚು ಕ್ರೂರ. ಕಾಂಗ್ರೆಸ್ಸಿನ 78 ಶಾಸಕರಿಗೆ 22 ಸ್ಥಾನ. ಅದರಲ್ಲೇ ಜಿಲ್ಲೆ, ಜಾತಿ, ಹಿರಿತನ, ಬಣ ಎಲ್ಲ ತೂಗಬೇಕು, ವಿಧಾನ ಪರಿಷತ್ತಿನವರಿಗೂ ಕೊಡಬೇಕು, ಬೆಂಬಲ ಕೊಟ್ಟ ಪಕ್ಷೇತರರನ್ನು ಯಾರ ಕೋಟಾದಲ್ಲಿ ಸೇರಿಸುವುದು ಎಂದೂ ತೀರ್ಮಾನವಾಗಬೇಕು. ಜೂನ್ 6ರಂದು 25 ಮಂದಿ ಪ್ರಮಾಣ ಸ್ವೀಕರಿಸಿದರು: ಕಾಂಗ್ರೆಸ್ 14, ಜೆಡಿಎಸ್ 9, ಬಿಎಸ್‌ಪಿ 1, ಕೆಪಿಜೆಪಿಯ ಆರ್. ಶಂಕರ್ 1. ಮೊದಲಿನ ಇಬ್ಬರನ್ನು ಸೇರಿಸಿ 27. ಏಳು ಕುರ್ಚಿ ಬೇಕೆಂದೇ ಖಾಲಿ ಬಿಟ್ಟಿದ್ದರು, ಆರು ಕಾಂಗ್ರೆಸ್ಸಿನ ಪಾಲಿನವು.

ಖಾಲಿ ಕುರ್ಚಿ ಬಿಡುವುದು ಹಳೆಯ ತಂತ್ರ. ಆರು ಕುರ್ಚಿಗೆ ಇಪ್ಪತ್ತು ಆಕಾಂಕ್ಷಿಗಳಿದ್ದರೆ ಇಪ್ಪತ್ತು ಮಂದಿಯೂ ಕಾಯುತ್ತಾರೆ, ಬಾಯಿಮಾತಿನ ಭರವಸೆ ಅವರನ್ನು ಹಿಡಿದಿಡುತ್ತದೆ ಎಂಬ ನಂಬಿಕೆ. ಆದರೆ ತುಂಬುವ ದಿನ ಬಂದಾಗ ಒಮ್ಮೆಗೇ ಹದಿನಾಲ್ಕು ಮಂದಿಗೆ ಇಲ್ಲ ಎಂದು ತಿಳಿಯುತ್ತದೆ. ಡಿಸೆಂಬರ್ 22ರಂದು ಹಾಗೇ ಆಯಿತು. ಕಾಂಗ್ರೆಸ್ ಎಂಟು ಮಂದಿಯನ್ನು ಸೇರಿಸಿಕೊಂಡು, ರಮೇಶ್ ಜಾರಕಿಹೊಳಿ ಮತ್ತು ಆರ್. ಶಂಕರ್ ಅವರನ್ನು ಕೈಬಿಟ್ಟು, 22ರ ಕೋಟಾ ಪೂರ್ತಿ ಮಾಡಿತು. ಗೃಹ ಖಾತೆಯೂ ಪರಮೇಶ್ವರ್ ಅವರಿಂದ ಎಂ.ಬಿ. ಪಾಟೀಲರಿಗೆ ಹೋಯಿತು. ಅಂದಿನಿಂದ ಕಾಂಗ್ರೆಸ್ಸಿನ ಅತೃಪ್ತರಿಗೆ ತೋರಿಸಲು ಏನೂ ಉಳಿಯಲಿಲ್ಲ. ಮೈತ್ರಿ ಎಷ್ಟು ಭದ್ರ ಎಂದು ಹೊರಗಿನಿಂದ ಅಳೆಯಬೇಕಾದರೆ ನಾಯಕರ ಹೇಳಿಕೆ ಬಿಟ್ಟು ಇದನ್ನು ನೋಡಬೇಕು: ಖಾಲಿ ಕುರ್ಚಿ ಎಷ್ಟು, ಅದರ ಮೇಲೆ ಕಣ್ಣಿಟ್ಟವರೆಷ್ಟು, ಬಹುಮತಕ್ಕಿಂತ ಹೆಚ್ಚಿರುವ ತಲೆಗಳೆಷ್ಟು. 117 ಇದ್ದಾಗ ಹೆಚ್ಚಿದ್ದದ್ದು ಆರು.

ಜಾರಕಿಹೊಳಿ ಮುಂದೆ ರಾಜೀನಾಮೆ ಕೊಟ್ಟ ಗುಂಪಿನಲ್ಲಿದ್ದರು. 2019ರ ಜೂನ್ 14ರಂದು, ಉಳಿದಿದ್ದ ಸ್ಥಾನಗಳಿಗೆ ಶಂಕರ್ ಅವರನ್ನು ಮತ್ತೆ, ಪಕ್ಷೇತರ ಎಚ್. ನಾಗೇಶ್ ಅವರನ್ನು ಹೊಸದಾಗಿ ಸೇರಿಸಿಕೊಳ್ಳಲಾಯಿತು. ಒಂದು ತಿಂಗಳು ತುಂಬುವ ಮೊದಲೇ, ಜುಲೈ 8ರಂದು, ಇಬ್ಬರೂ ಹೊರಬಂದರು. ಜುಲೈ 23ರ ವಿಶ್ವಾಸಮತದಲ್ಲಿ ಸರ್ಕಾರಕ್ಕೆ 99, ವಿರುದ್ಧ 105. ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು ನವೆಂಬರಿನಲ್ಲಿ ಅನರ್ಹತೆಯನ್ನು ಎತ್ತಿಹಿಡಿಯಿತು, ಉಪಚುನಾವಣೆಗೆ ನಿಲ್ಲಬಾರದು ಎಂಬ ಭಾಗವನ್ನು ಮಾತ್ರ ತೆಗೆದುಹಾಕಿತು. ಆದ್ದರಿಂದ ಶಾಸಕ ಸ್ಥಾನ ಬಿಟ್ಟು ಇನ್ನೊಂದು ಪಕ್ಷದ ಚಿಹ್ನೆಯಲ್ಲಿ ಅದೇ ಕ್ಷೇತ್ರದಿಂದ ಮತ್ತೆ ಗೆದ್ದು ಮಂತ್ರಿಯಾಗುವ ದಾರಿ ಈಗ ಗೊತ್ತಿರುವ ದಾರಿ. ಡಿಸೆಂಬರ್ 5ರಂದು ಉಪಚುನಾವಣೆ ನಡೆದ 15 ಕ್ಷೇತ್ರಗಳಲ್ಲಿ 12ನ್ನು ಬಿಜೆಪಿ ಗೆದ್ದಿತು. ಖಾತೆ ಹಂಚಲು ಕೂರುವವರು ಈಗ ಎದುರು ಕೂತ ಪಕ್ಷದ ಬೇಡಿಕೆಯ ಪಟ್ಟಿಗೆ ಮೊದಲು ತಮ್ಮದೇ ಪಕ್ಷದಲ್ಲಿ ಕುರ್ಚಿ ಸಿಗದವರ ಪಟ್ಟಿಯನ್ನು, ಪ್ರತಿಯೊಬ್ಬರೂ ಎಷ್ಟು ಅಂತರದಲ್ಲಿ ಗೆದ್ದಿದ್ದಾರೆ ಎಂಬ ಅಂಕಿಯ ಸಮೇತ, ಹತ್ತಿರ ಇಟ್ಟುಕೊಳ್ಳಬೇಕು. ಪಕ್ಷದ ಹಂಗಿಲ್ಲದೆ ಮತ್ತೆ ಗೆಲ್ಲಬಲ್ಲವರು ಯಾರು ಎಂದು ತಿಳಿಯುವುದು ಅಲ್ಲಿಂದಲೇ.